18 ಲಕ್ಷದ ಪೈಲಟ್‌ಗೆ 29 ಲಕ್ಷ ಏಕೆ ಕೇಳಬೇಕು?

ಅನಿಮೇಷನ್ ಸರಣಿಯೊಂದರ ಕತೆ, ಪಾತ್ರ, ಚಿತ್ರಶೈಲಿ, ಧ್ವನಿ ಹೇಗಿರುತ್ತವೆ ಎಂದು ತೋರಿಸಲು ಮೊದಲು ತಯಾರಿಸುವ ಮಾದರಿ ಕಂತಿಗೆ ಪೈಲಟ್ ಎನ್ನುತ್ತಾರೆ. ಬಹುಕಾಲ ಇದರ ಖರ್ಚನ್ನು ಟಿವಿ ವಾಹಿನಿಗಳೋ ದೊಡ್ಡ ಸ್ಟುಡಿಯೊಗಳೋ ಭರಿಸುತ್ತಿದ್ದವು. ಅಮೆರಿಕದಲ್ಲಿ 2009ರಲ್ಲಿ ಕಿಕ್‌ಸ್ಟಾರ್ಟರ್ ಶುರುವಾದ ಮೇಲೆ ಇನ್ನೊಂದು ದಾರಿ ತೆರೆಯಿತು. ಮುಂದೆ ಚಿತ್ರ ನೋಡಲಿರುವವರಿಂದಲೇ ಮುಂಗಡ ಹಣ ಪಡೆದು ಪೈಲಟ್ ಮಾಡುವುದು, ಅದಕ್ಕೆ ಪ್ರತಿಯಾಗಿ ಅವರಿಗೆ ಚಿತ್ರದ ಪ್ರತಿ, ಕಲಾಪುಸ್ತಕ, ಮುದ್ರಿತ ಚಿತ್ರ ಇತ್ಯಾದಿ ಉಡುಗೊರೆ ಕಳಿಸುವುದು ಆ ದಾರಿ. 2019ರಲ್ಲಿ 'ಕ್ರಿಟಿಕಲ್ ರೋಲ್' ಎಂಬ ಧ್ವನಿಕಲಾವಿದರ ತಂಡ 22 ನಿಮಿಷದ ಒಂದು ಅನಿಮೇಷನ್ ಚಿತ್ರಕ್ಕೆಂದು ಕಿಕ್‌ಸ್ಟಾರ್ಟರ್‌ನಲ್ಲಿ ಏಳೂವರೆ ಲಕ್ಷ ಡಾಲರ್ ಕೇಳಿತು. ಬಂದದ್ದು 1 ಕೋಟಿ 13 ಲಕ್ಷ ಡಾಲರ್‌ಗೂ ಹೆಚ್ಚು. ಮರುವರ್ಷ 'ಲ್ಯಾಕಡೇಜಿ' ಎಂಬ ವೆಬ್ ಕಾಮಿಕ್ ಆಧಾರಿತ ಪೈಲಟ್‌ಗೆ 85 ಸಾವಿರ ಡಾಲರ್ ಕೇಳಿದಾಗ 3 ಲಕ್ಷ 30 ಸಾವಿರದಷ್ಟು ಬಂತು. ಚಿತ್ರ ಯೂಟ್ಯೂಬ್‌ಗೆ ಬಂದದ್ದು 2023ರಲ್ಲಿ. ಕನ್ನಡದ ಗೋವಿನ ಹಾಡಿನ ಕತೆಯನ್ನು ಆಧರಿಸಿದ ಸಂಸ್ಕೃತ ಅನಿಮೇಷನ್ ಚಿತ್ರ 'ಪುಣ್ಯಕೋಟಿ' ಕೂಡ ಜನರ ಹಣದಿಂದಲೇ ರೂಪುಗೊಂಡದ್ದು.

ಇಂಥ ಅಭಿಯಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಎಂದರೆ ಗುರಿ ಮೊತ್ತ, ಅಂದರೆ ಜನರೆದುರು ಇಡುವ 'ಇಷ್ಟು ಬೇಕು' ಎಂಬ ಸಂಖ್ಯೆ. ಅನೇಕ ತಂಡಗಳು ಚಿತ್ರಕ್ಕೆ ತಗಲುವ ಖರ್ಚನ್ನೇ ಗುರಿಯೆಂದು ಬರೆದುಬಿಡುತ್ತವೆ. ಹಣ ಪೂರ್ತಿ ಬಂದ ಮೇಲೂ ಚಿತ್ರ ಅರ್ಧಕ್ಕೆ ನಿಲ್ಲುವುದು ಹೀಗೆ. ಜನ ಕೊಟ್ಟ ನೂರು ರೂಪಾಯಿಯಲ್ಲಿ ಚಿತ್ರದ ಕೆಲಸಕ್ಕೆ ಸೇರುವುದು ಎಷ್ಟು ಎಂಬುದನ್ನು ಮೊದಲು ತಿಳಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಗುರಿ ಕಂಡುಕೊಳ್ಳಬೇಕು. ಬೆಂಗಳೂರಿನ ಒಂದು ಸಣ್ಣ ತಂಡ ಐದು ನಿಮಿಷದ ಕೈಚಿತ್ರ ಶೈಲಿಯ ಪೈಲಟ್ ಮಾಡಲು ಹೊರಟಿದೆ ಎಂದುಕೊಂಡು ಆ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ಬಿಡಿಸಲಾಗಿದೆ. ಉದಾಹರಣೆಯ ದರಗಳು ಲೆಕ್ಕಕ್ಕಾಗಿ ಹಿಡಿದವು. ಊರು, ಕಲಾವಿದರ ಅನುಭವ, ಶೈಲಿ ಬದಲಾದರೆ ದರಗಳೂ ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಒಂದು ಸೆಕೆಂಡಿನ ಖರ್ಚು

ಅನಿಮೇಷನ್ ಬಜೆಟ್‌ನ ಮೂಲಮಾನ ಸೆಕೆಂಡು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್‌ಗಳು ಓಡುತ್ತವೆ. ಕೈಚಿತ್ರ ಶೈಲಿಯಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹೊತ್ತು ನಿಲ್ಲಿಸುವುದರಿಂದ ಸೆಕೆಂಡಿಗೆ 12 ಚಿತ್ರ ಬೇಕು. ಎರಡು ಪಾತ್ರಗಳು ಜಗಳವಾಡುತ್ತ ಮೆಟ್ಟಿಲಿಳಿಯುವಂಥ ಕಷ್ಟದ ದೃಶ್ಯವನ್ನು ತೆಗೆದುಕೊಳ್ಳೋಣ. ಮುಖ್ಯ ಭಂಗಿಗಳನ್ನೂ ಒರಟು ಚಲನೆಯನ್ನೂ ಬರೆಯುವ ಅನಿಮೇಟರ್ ಇಂಥ ದೃಶ್ಯವನ್ನು ದಿನಕ್ಕೆ ಒಂದೂವರೆ ಸೆಕೆಂಡಿನಷ್ಟು ಮುಗಿಸಬಹುದು. ಅವರ ದಿನದ ಸಂಭಾವನೆ 2,400 ರೂಪಾಯಿ ಎಂದಾದರೆ ಒಂದು ಸೆಕೆಂಡಿಗೆ 1,600 ಬಿತ್ತು. ನಡುವಿನ ಚಿತ್ರಗಳನ್ನು ತುಂಬಿ ಗೆರೆಗಳನ್ನು ಶುದ್ಧ ಮಾಡುವ ಕಲಾವಿದರು ದಿನಕ್ಕೆ ಒಂದು ಸೆಕೆಂಡು ಮುಗಿಸಿ 1,500 ಪಡೆಯುತ್ತಾರೆ. ಬಣ್ಣ ಮತ್ತು ನೆರಳಿಗೆ 600, ತಪಾಸಣೆ ಮತ್ತು ಸಣ್ಣಪುಟ್ಟ ತಿದ್ದುಪಡಿಗೆ 300. ಎಲ್ಲ ಕೂಡಿ ಒಂದು ಸೆಕೆಂಡಿಗೆ 4,000 ರೂಪಾಯಿ.

ಇಡೀ ಚಿತ್ರಕ್ಕೆ ಈ ದರ ಹಾಕಿದರೆ ಯಾರಿಗೂ ನಿಭಾಯಿಸಲಾಗದು, ಹಾಕುವ ಅಗತ್ಯವೂ ಇಲ್ಲ. ಸ್ಟೋರಿಬೋರ್ಡ್ ಮುಗಿದ ಮೇಲೆ ಪ್ರತಿ ಶಾಟ್‌ಗೂ ಎ, ಬಿ, ಸಿ ಎಂದು ದರ್ಜೆ ಕೊಡುವುದು ಈ ಕಸುಬಿನ ರೂಢಿ. ಮೈಯೆಲ್ಲ ಚಲಿಸುವ, ಕ್ಯಾಮೆರಾ ತಿರುಗುವ ಶಾಟ್‌ಗಳು ಎ. ಕೂತು ಮಾತಾಡುವ, ಕೈ-ಮುಖ ಮಾತ್ರ ಆಡುವ ಶಾಟ್‌ಗಳು ಬಿ. ದೂರದ ಊರಿನ ನೋಟ, ಮಳೆ, ನಿಂತು ಕೇಳುತ್ತಿರುವ ಮುಖದಂಥವು ಸಿ. ಶೀರ್ಷಿಕೆ ಮತ್ತು ಕೊನೆಯ ಹೆಸರುಗಳಿಗೆ 30 ಸೆಕೆಂಡು ಬಿಟ್ಟರೆ ನಮ್ಮ ಪೈಲಟ್‌ನಲ್ಲಿ ಉಳಿಯುವುದು 270 ಸೆಕೆಂಡು. ಅದರಲ್ಲಿ ಎ ದರ್ಜೆಯದು 60 ಸೆಕೆಂಡು, ತಲಾ 4,000ದಂತೆ 2,40,000 ರೂಪಾಯಿ. ಬಿ ದರ್ಜೆಯ 130 ಸೆಕೆಂಡಿಗೆ ತಲಾ 2,200ರಂತೆ 2,86,000. ಸಿ ದರ್ಜೆಯ 80 ಸೆಕೆಂಡಿಗೆ ತಲಾ 1,000ದಂತೆ 80,000. ಒಟ್ಟು 6,06,000.

ಈ ದರ್ಜೆ ಹಂಚಿಕೆಯೇ ಬಜೆಟ್‌ನ ಜೀವಾಳ. ಇದನ್ನು ಸ್ಟೋರಿಬೋರ್ಡ್ ಕೈಯಲ್ಲಿಲ್ಲದೆ ಮಾಡಲು ಬರುವುದಿಲ್ಲ. ಆದ್ದರಿಂದ ಅಭಿಯಾನ ಶುರುಮಾಡುವ ಮುಂಚೆಯೇ ಇಡೀ ಪೈಲಟ್‌ನ ಸ್ಟೋರಿಬೋರ್ಡ್‌ಗೆ ತಾತ್ಕಾಲಿಕ ಧ್ವನಿ ಜೋಡಿಸಿ, ನಿಜವಾದ ಅವಧಿಗೆ ಓಡಿಸಿ ನೋಡುವ ಆನಿಮ್ಯಾಟಿಕ್ ಒಂದನ್ನು, ಒರಟಾಗಿಯಾದರೂ ಸರಿ, ತಯಾರಿಸಿಕೊಳ್ಳಬೇಕು. ಕತೆಯನ್ನು ಓದಿ 'ಐದು ನಿಮಿಷ ಆಗಬಹುದು' ಎಂದು ಅಂದಾಜಿಸಿದ್ದು ಆನಿಮ್ಯಾಟಿಕ್‌ನಲ್ಲಿ ಏಳು ನಿಮಿಷವಾಗುವುದು ತೀರ ಸಾಮಾನ್ಯ. ಆ ಎರಡು ನಿಮಿಷ ಹಣ ಕೇಳುವ ಮೊದಲು ಗೊತ್ತಾದರೆ ಸಂಕಲನದ ಕೆಲಸ. ಹಣ ಕೇಳಿದ ಮೇಲೆ ಗೊತ್ತಾದರೆ ಸಾಲ.

ಉಳಿದ ಬಾಬ್ತುಗಳು

ಚಲನೆಯ ಖರ್ಚು ಕಣ್ಣಿಗೆ ಕಾಣುವಂಥದು. ಅದರ ಸುತ್ತಲಿನ ಬಾಬ್ತುಗಳು ಒಟ್ಟಾಗಿ ಅದರ ಎರಡು ಪಟ್ಟಿನಷ್ಟಾಗುತ್ತವೆ ಎಂಬುದು ಹೊಸಬರಿಗೆ ಅಚ್ಚರಿ ತರುತ್ತದೆ. ಚಿತ್ರಕತೆ, ಸ್ಟೋರಿಬೋರ್ಡ್ ಮತ್ತು ಅಂತಿಮ ಆನಿಮ್ಯಾಟಿಕ್‌ಗೆ 1,40,000. ಪಾತ್ರ, ಉಡುಪು, ವಸ್ತು, ಬಣ್ಣಗಳ ವಿನ್ಯಾಸಕ್ಕೆ 74,000. ಹಿನ್ನೆಲೆ ಚಿತ್ರಗಳನ್ನು ಸೆಕೆಂಡಿನ ಲೆಕ್ಕದಲ್ಲಿ ಹಿಡಿಯದೆ ಎಣಿಸಿ ಹಿಡಿಯಬೇಕು; ಇಲ್ಲಿ 35 ಹಿನ್ನೆಲೆಗಳಿಗೆ ತಲಾ 4,000ದಂತೆ 1,40,000. ಪಾತ್ರ, ಹಿನ್ನೆಲೆ, ಬೆಳಕು ಎಲ್ಲವನ್ನೂ ಕೂಡಿಸುವ ಕಂಪೋಸಿಟಿಂಗ್ ಮತ್ತು ಸಂಕಲನಕ್ಕೆ 1,10,000. ಧ್ವನಿ ಕಲಾವಿದರು ಮತ್ತು ರೆಕಾರ್ಡಿಂಗ್‌ಗೆ 70,000, ಸಂಗೀತಕ್ಕೆ 80,000, ಶಬ್ದ ಪರಿಣಾಮ ಮತ್ತು ಮಿಕ್ಸಿಂಗ್‌ಗೆ 60,000. ಸಾಫ್ಟ್‌ವೇರ್ ಬಾಡಿಗೆ, ಹಾರ್ಡ್‌ಡಿಸ್ಕ್, ಬ್ಯಾಕಪ್‌ಗೆ 40,000. ಒಪ್ಪಂದಪತ್ರ, ಲೆಕ್ಕಪರಿಶೋಧಕರ ಶುಲ್ಕಕ್ಕೆ 40,000.

ಕೊನೆಗೆ ಎರಡು ಬಾಬ್ತು, ಹೆಚ್ಚಿನ ಬಜೆಟ್‌ಗಳಲ್ಲಿ ಬಿಟ್ಟುಹೋಗುವಂಥವು. ಒಂದು, ಯಾರ ಶಾಟ್ ಎಲ್ಲಿದೆ, ಯಾವುದು ವಾಪಸು ಬಂದಿದೆ, ಯಾರಿಗೆ ಹಣ ಸಂದಿದೆ ಎಂದು ದಿನವೂ ನೋಡಿಕೊಳ್ಳುವ ಸಂಯೋಜಕರ ಸಂಬಳ, ಎಂಟು ತಿಂಗಳಿಗೆ 2,00,000. ಇನ್ನೊಂದು, ನಿರ್ದೇಶಕರ ಜೀವನೋಪಾಯ, ತಿಂಗಳಿಗೆ 30,000ದಂತೆ 2,40,000. 'ನನ್ನದೇ ಕನಸು, ನನಗೇಕೆ ಸಂಬಳ' ಎಂದು ನಿರ್ದೇಶಕರು ತಮ್ಮ ಸಾಲನ್ನು ಹೊಡೆದುಹಾಕುವುದು ಉದಾರವಾಗಿ ಕಾಣುತ್ತದೆ. ಆದರೆ ಮೂರನೇ ತಿಂಗಳಿಗೆ ಅವರು ಬಾಡಿಗೆ ಕಟ್ಟಲು ಬೇರೆ ಕೆಲಸ ಹಿಡಿಯುತ್ತಾರೆ, ಅವರ ಒಪ್ಪಿಗೆಗಾಗಿ ಶಾಟ್‌ಗಳು ಕಾಯುತ್ತ ಕೂರುತ್ತವೆ, ಸಂಯೋಜಕರ ಸಂಬಳ ಮಾತ್ರ ಓಡುತ್ತಿರುತ್ತದೆ. ಉಳಿಸಿದ್ದೆಂದುಕೊಂಡ ಹಣ ವಿಳಂಬದ ರೂಪದಲ್ಲಿ ಹೊರಹೋಗುತ್ತದೆ.

ಎಲ್ಲ ಬಾಬ್ತು ಕೂಡಿದರೆ ತಯಾರಿಕೆಯ ವೆಚ್ಚ ಸರಿಯಾಗಿ 18 ಲಕ್ಷ ರೂಪಾಯಿ.

ಮೀಸಲು ಯಾವುದಕ್ಕೆ?

ಅನಿರೀಕ್ಷಿತ ಖರ್ಚಿಗೆಂದು ಎತ್ತಿಡುವ ಸಾದಿಲ್ವಾರು ಮೀಸಲನ್ನು ಶೇ 10 ಎಂದು ಒಂದೇ ಏಟಿಗೆ ಬರೆದುಬಿಡುವುದು ವಾಡಿಕೆ. ಸಂಖ್ಯೆ ದುಂಡಗಿರುತ್ತದೆ, ಹಿಂದೆ ಯಾವ ಯೋಚನೆಯೂ ಇರುವುದಿಲ್ಲ. ಯಾವುದು ಕೈಕೊಡಬಹುದು ಎಂದು ಕೇಳಿಕೊಂಡು ಮೀಸಲನ್ನು ಕಟ್ಟುವುದು ಹೆಚ್ಚು ಭದ್ರ.

ಸಂಗೀತ, ರೆಕಾರ್ಡಿಂಗ್, ವಿನ್ಯಾಸಗಳಿಗೆ ಮುಂಚೆಯೇ ದರ ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು; ಅವು ಅಷ್ಟಾಗಿ ಏರುವುದಿಲ್ಲ. ಏರುವುದು ಎರಡು. ಮೊದಲನೆಯದು, ಒಪ್ಪಿಗೆಯಾಗದೆ ವಾಪಸು ಬರುವ ಶಾಟ್‌ಗಳನ್ನು ಮತ್ತೆ ಮಾಡುವ ಖರ್ಚು. ಅನಿಮೇಷನ್, ಹಿನ್ನೆಲೆ, ಕಂಪೋಸಿಟಿಂಗ್ ಸೇರಿ 8,56,000 ಆಗುತ್ತದೆ. ಅದರ ಶೇ 15ರಷ್ಟು ಕೆಲಸ ಎರಡನೇ ಸಲ ಮಾಡಬೇಕಾದೀತು ಎಂದು ಹಿಡಿದರೆ 1,28,400. ಎರಡನೆಯದು ಕಾಲ. ಎಂಟು ತಿಂಗಳ ಕೆಲಸ ಹತ್ತು ತಿಂಗಳಾದರೆ ಸಂಯೋಜಕರಿಗೂ ನಿರ್ದೇಶಕರಿಗೂ ಇನ್ನೆರಡು ತಿಂಗಳ ಸಂಬಳ, ಅಂದರೆ 1,10,000 ಬೇಕು. ಒಂದು ಚಿತ್ರವೂ ಹೆಚ್ಚಿಗೆ ಬರೆಯದೆ ತಗಲುವ ಖರ್ಚು ಇದು. ಎರಡೂ ಸೇರಿ 2,38,400. ಇದನ್ನು 2,40,000 ಎಂದಿಟ್ಟುಕೊಂಡರೆ ತಯಾರಿಕೆಯ ಶೇ 13ಕ್ಕಿಂತ ತುಸು ಹೆಚ್ಚು. ಚಿತ್ರ ಮುಗಿಸಲು ಕೈಯಲ್ಲಿ ಇರಲೇಬೇಕಾದ ಮೊತ್ತ ಈಗ 20,40,000 ರೂಪಾಯಿ.

ಮೀಸಲಿಗೆ ಒಂದು ಕಟ್ಟುಪಾಡು ಬೇಕು. ಕತೆಯಲ್ಲಿ ಹೊಸ ದೃಶ್ಯ ಸೇರಿಸಲು, ಇನ್ನಷ್ಟು ಚೆಂದದ ಸಂಗೀತಕ್ಕೆ ಅದನ್ನು ಮುಟ್ಟಬಾರದು. ಮುಟ್ಟಿದಾಗಲೆಲ್ಲ ಯಾವ ಶಾಟ್‌ಗೆ, ಯಾವ ಕಾರಣಕ್ಕೆ ಎಂದು ಬರೆದಿಡಬೇಕು. ಆ ಪಟ್ಟಿಯಲ್ಲಿ 'ಸ್ಟೋರಿಬೋರ್ಡ್ ಬದಲಾಯಿತು' ಎಂಬ ಕಾರಣ ಮತ್ತೆ ಮತ್ತೆ ಕಾಣಿಸಿಕೊಂಡರೆ ತಪ್ಪು ಅನಿಮೇಟರ್‌ಗಳದಲ್ಲ. ಆನಿಮ್ಯಾಟಿಕ್‌ಗೆ ಕೊನೆಯ ಒಪ್ಪಿಗೆ ಕೊಡುವ ಮೊದಲೇ ಕೆಲಸ ಹಂಚಲಾಗಿದೆ ಎಂದರ್ಥ.

ಉಡುಗೊರೆಯ ನಿಜಬೆಲೆ

ಚಿತ್ರಕ್ಕೆ ಹಣ ಕೊಡುವವರಿಗೆ ತಂಡ ನಾಲ್ಕು ಹಂತದ ಉಡುಗೊರೆ ಇಟ್ಟಿದೆ. 500 ರೂಪಾಯಿ ಕೊಟ್ಟವರಿಗೆ ಚಿತ್ರದ ಡೌನ್‌ಲೋಡ್ ಮತ್ತು ಕೊನೆಯಲ್ಲಿ ಹೆಸರು. 1,500 ಕೊಟ್ಟವರಿಗೆ ಮುದ್ರಿತ ಚಿತ್ರಗಳ ಒಂದು ಕಟ್ಟು. 3,000 ಕೊಟ್ಟವರಿಗೆ ಜೊತೆಗೆ 96 ಪುಟದ ಬಣ್ಣದ ಕಲಾಪುಸ್ತಕ. 10,000 ಕೊಟ್ಟವರಿಗೆ ಇವೆಲ್ಲದರ ಜೊತೆ ಕಲಾವಿದರು ಕೈಯಲ್ಲಿ ಬರೆದ ಒಂದು ಮೂಲಚಿತ್ರ.

ಮೂರು ಸಾವಿರದ ಹಂತವನ್ನು ಬಿಡಿಸಿ ನೋಡಿದರೆ ಉಡುಗೊರೆಯ ಖರ್ಚು ಎಲ್ಲೆಲ್ಲಿ ಅಡಗಿರುತ್ತದೆಂದು ತಿಳಿಯುತ್ತದೆ. ಐನೂರು ಪ್ರತಿ ಅಚ್ಚು ಹಾಕಿಸಿದರೆ ಪುಸ್ತಕ ಒಂದಕ್ಕೆ 420 ರೂಪಾಯಿ. ಚಿತ್ರಗಳ ಕಟ್ಟಿಗೆ 110. ತಂಡ ಸಾಮಾನ್ಯವಾಗಿ ಇಲ್ಲಿಗೆ ಲೆಕ್ಕ ನಿಲ್ಲಿಸಿ 530 ಎಂದುಕೊಳ್ಳುತ್ತದೆ. ಆದರೆ ಮೂಲೆ ಮಡಚದಂತೆ ಗಟ್ಟಿ ರಟ್ಟಿನ ಪೆಟ್ಟಿಗೆ ಮತ್ತು ಬಬಲ್ ಹಾಳೆಗೆ 60, ವಿಳಾಸದ ಚೀಟಿ ಅಂಟಿಸಿ ಕಟ್ಟುವ ಕೂಲಿಗೆ 20, ಕೊರಿಯರ್‌ಗೆ 110. ಒಟ್ಟು 720. ಚಿತ್ರಗಳ ಕಟ್ಟಷ್ಟೇ ಹೋಗುವ ಹಂತಕ್ಕೆ ಇದೇ ರೀತಿ 230 ರೂಪಾಯಿ ಬೀಳುತ್ತದೆ. ಮೂಲಚಿತ್ರದ ಹಂತದಲ್ಲಿ ಕಲಾವಿದರ ಅರ್ಧ ದಿನದ ಸಂಭಾವನೆ ಮತ್ತು ಭದ್ರವಾದ ಪ್ಯಾಕಿಂಗ್ ಸೇರಿ 2,200.

ಯಾವ ಹಂತಕ್ಕೆ ಎಷ್ಟು ಜನ ಬಂದಾರು ಎಂಬುದು ಅಂದಾಜು ಮಾತ್ರ. 500ರ ಹಂತಕ್ಕೆ 600 ಜನ, 1,500ಕ್ಕೆ 500, 3,000ಕ್ಕೆ 400, 10,000ಕ್ಕೆ 30 ಎಂದುಕೊಂಡರೆ ಸಂಗ್ರಹ 25,50,000. ಉಡುಗೊರೆಗಳ ಖರ್ಚು, ಡೌನ್‌ಲೋಡ್ ವ್ಯವಸ್ಥೆಯ 10,000 ಸೇರಿ, 4,79,000. ದಾರಿಯಲ್ಲಿ ಕಳೆದುಹೋಗುವ, ನೆನೆದು ಬರುವ, ವಿಳಾಸ ತಪ್ಪಿ ವಾಪಸಾಗುವ ಪೊಟ್ಟಣಗಳಿಗೆ 21,000 ಪ್ರತ್ಯೇಕ ಮೀಸಲು. ಹೀಗೆ 5 ಲಕ್ಷ, ಸಂಗ್ರಹದ ಸುಮಾರು ಶೇ 20. ಈ ಪಾಲು ತಯಾರಿಕೆಯ ವೆಚ್ಚದಂತೆ ಸ್ಥಿರವಲ್ಲ. ಹೆಚ್ಚು ಜನ ಬಂದಷ್ಟೂ ಅದೂ ಬೆಳೆಯುತ್ತದೆ, ಆದ್ದರಿಂದ ಅದನ್ನು ಶೇಕಡಾವಾರು ಹಿಡಿಯುವುದೇ ಸರಿ.

ಎರಡು ಉಡುಗೊರೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒಂದು ಟಿ-ಶರ್ಟ್. ಐದಾರು ಅಳತೆಗಳಲ್ಲಿ ಹೊಲಿಸಬೇಕು, ಪ್ರತಿ ಅಳತೆಗೂ ಕನಿಷ್ಠ ಸಂಖ್ಯೆಯ ಆರ್ಡರ್ ಕೊಡಬೇಕು, ಕೊನೆಗೆ ಯಾರಿಗೂ ಬೇಡದ ಅಳತೆಗಳು ಉಳಿಯುತ್ತವೆ, ಅಳತೆ ಬದಲಿಸಿಕೊಡಿ ಎನ್ನುವವರಿಗೆ ಎರಡನೇ ಸಲದ ಅಂಚೆ ವೆಚ್ಚವೂ ತಂಡದ್ದೇ. ಇನ್ನೊಂದು ವಿದೇಶದ ವಿಳಾಸ. ಕನ್ನಡದ ಚಿತ್ರಕ್ಕೆ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಮನಸಾರೆ ಹಣ ಕೊಡುತ್ತಾರೆ. ಅಲ್ಲಿಗೆ ಒಂದು ಪುಸ್ತಕ ಕಳಿಸುವ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರಬಹುದು. ಆ ವೆಚ್ಚ ಸ್ಥಿರವೂ ಅಲ್ಲ. 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದಾಗ, ಭಾರತೀಯ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಬಹುಪಾಲು ಪಾರ್ಸೆಲ್‌ಗಳ ಬುಕಿಂಗನ್ನೇ ಕೆಲಕಾಲ ತಡೆಹಿಡಿಯಿತು. ಒಂದು ವರ್ಷ ಮುಂಚೆ ಅಂಚೆ ದರ ನೋಡಿ 'ವಿಶ್ವದ ಎಲ್ಲಿಗಾದರೂ ಉಚಿತ' ಎಂದು ಮಾತು ಕೊಟ್ಟ ತಂಡಕ್ಕೆ ಇಂಥ ಹೊತ್ತಿನಲ್ಲಿ ದಾರಿ ಉಳಿಯುವುದಿಲ್ಲ. ಅಭಿಯಾನದ ಸಮಯದಲ್ಲಿ ಉಡುಗೊರೆಯ ಹಣ ಮಾತ್ರ ಪಡೆದು, ಕಳಿಸುವ ಹೊತ್ತಿಗೆ ಅಂದಿನ ದರದಂತೆ ಅಂಚೆ ವೆಚ್ಚವನ್ನು ಬೇರೆಯಾಗಿ ಕೇಳುವುದಾಗಿ ಮೊದಲೇ ಬರೆದಿಡುವುದು ನ್ಯಾಯವಾದ ಕ್ರಮ. ವಿದೇಶದವರಿಗೆ ಡಿಜಿಟಲ್ ಕಲಾಪುಸ್ತಕದ ಹಂತವೊಂದನ್ನೂ ಇಡಬಹುದು.

ಹಿಂದಕ್ಕೆ ಲೆಕ್ಕ

ಇನ್ನು ವೇದಿಕೆಯ ಪಾಲು. ಅಮೆರಿಕದಲ್ಲಿ ಕಿಕ್‌ಸ್ಟಾರ್ಟರ್ ಸಂಗ್ರಹದ ಶೇ 5ನ್ನು ಶುಲ್ಕವಾಗಿ ಹಿಡಿಯುತ್ತದೆ. ಕಾರ್ಡ್ ಪಾವತಿಗೆ ಬೇರೆ ಶೇ 3 ಮತ್ತು ಪ್ರತಿ ಪಾವತಿಗೆ 20 ಸೆಂಟ್ ಹೋಗುತ್ತದೆ. ಕೊನೆಯ ದಿನ ಕಾರ್ಡ್‌ಗಳಿಂದ ಹಣ ಎಳೆಯುವಾಗ ಕೆಲವು ಪಾವತಿಗಳು ವಿಫಲವಾಗುತ್ತವೆ. ಭಾರತದಲ್ಲಿ ನೆಲೆಸಿದವರು ಅಲ್ಲಿ ಅಭಿಯಾನ ಶುರುಮಾಡಲು ಬರುವುದಿಲ್ಲ, ಇಲ್ಲಿನ ವೇದಿಕೆಯನ್ನೋ ಸ್ವಂತ ಜಾಲತಾಣ ಮತ್ತು ಪಾವತಿ ಗೇಟ್‌ವೇಯನ್ನೋ ಬಳಸಬೇಕು. ನಮ್ಮ ಲೆಕ್ಕಕ್ಕೆ ವೇದಿಕೆ, ಗೇಟ್‌ವೇ, ಆ ಶುಲ್ಕಗಳ ಮೇಲಿನ ತೆರಿಗೆ, ವಾಪಸು ಕೊಡುವ ಹಣ ಎಲ್ಲ ಸೇರಿ ಶೇ 10 ಹಿಡಿಯೋಣ.

ಈಗ ಚಿತ್ರ ಸ್ಪಷ್ಟ. ಜನ ಕೊಡುವ ನೂರು ರೂಪಾಯಿಯಲ್ಲಿ ಉಡುಗೊರೆಗೆ 20, ಶುಲ್ಕಕ್ಕೆ 10 ಹೋಗಿ ತಯಾರಿಕೆಗೆ ಸೇರುವುದು 70. ಬೇಕಾದದ್ದು 20,40,000. ಅದನ್ನು 0.70ರಿಂದ ಭಾಗಿಸಿದರೆ 29,14,000ಕ್ಕೆ ಸ್ವಲ್ಪ ಹೆಚ್ಚು. ದುಂಡಾಗಿ ಹೇಳುವುದಾದರೆ ಗುರಿ 29 ಲಕ್ಷ 15 ಸಾವಿರ ರೂಪಾಯಿ. 20,40,000ಕ್ಕೆ ಅದರದೇ ಶೇ 30 ಕೂಡಿಸಿ 26,52,000 ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಶುಲ್ಕ ಮತ್ತು ಉಡುಗೊರೆಯ ಪಾಲು ಹೋಗುವುದು ಸಂಗ್ರಹವಾದ ಮೊತ್ತದ ಮೇಲೆ, ಆದ್ದರಿಂದ ಕೂಡಿಸಿದರೆ ಸಾಲದು, ಭಾಗಿಸಬೇಕು. ಆ ತಪ್ಪಿನಿಂದ ಕೈಗೆ ಬರುವುದು 18,56,400. ಮೀಸಲಿನ ಬಹುಪಾಲು ಕೆಲಸ ಶುರುವಾಗುವ ಮೊದಲೇ ಹೋಗಿರುತ್ತದೆ.

ತಯಾರಿಕೆಯ 18 ಲಕ್ಷವನ್ನೇ ಗುರಿಯಾಗಿ ಇಟ್ಟಿದ್ದರೆ? ಗುರಿ ಮುಟ್ಟಿದ ಸಂಭ್ರಮದ ಮರುದಿನ ತಯಾರಿಕೆಗೆ ಉಳಿಯುವುದು 12,60,000. ಕೊರತೆ 5,40,000, ಅಂದರೆ ಇಡೀ ಅನಿಮೇಷನ್ ಬಾಬ್ತಿನ ಹತ್ತಿರ ಹತ್ತಿರದ ಮೊತ್ತ. ಗುರಿ ಮುಟ್ಟದಿದ್ದರೆ ಯಾರಿಂದಲೂ ಹಣ ತೆಗೆದುಕೊಳ್ಳದ ಕಿಕ್‌ಸ್ಟಾರ್ಟರ್‌ನ ನಿಯಮ ಕಠಿಣವೆನ್ನಿಸಿದರೂ ತಂಡವನ್ನು ಕಾಯುವುದು ಈ ಕಾರಣಕ್ಕೆ. ಅರ್ಧ ಹಣ ಪಡೆದು ಪೂರ್ತಿ ಚಿತ್ರ ಬಾಕಿ ಉಳಿಸಿಕೊಳ್ಳುವ ಸ್ಥಿತಿ ಅಲ್ಲಿ ಬರುವುದಿಲ್ಲ, ಗುರಿಯನ್ನೇ ತಪ್ಪಾಗಿ ಬರೆದಿದ್ದರೆ ಹೊರತು.

ಮೇಲಿನ ಅಂದಾಜಿನಂತೆ ಜನ ಬಂದರೆ ಸಂಗ್ರಹ 25,50,000 ಮಾತ್ರ, ಗುರಿಗಿಂತ ಮೂರೂವರೆ ಲಕ್ಷಕ್ಕೂ ಹೆಚ್ಚು ಕಡಿಮೆ. ಆಗ ಮೀಸಲನ್ನು ಕತ್ತರಿಸುವ ಆಸೆ ಹುಟ್ಟುತ್ತದೆ. ಕತ್ತರಿಸಬೇಕಾದದ್ದು ಚಿತ್ರವನ್ನು ಅಥವಾ ಉಡುಗೊರೆಯನ್ನು. ಎ ದರ್ಜೆಯ 20 ಸೆಕೆಂಡನ್ನು ಜಾಣತನದಿಂದ ಸಿ ದರ್ಜೆಗೆ ಇಳಿಸಿದರೆ, ಉದಾಹರಣೆಗೆ ಮೆಟ್ಟಿಲ ಮೇಲಿನ ಜಗಳವನ್ನು ಗೋಡೆಯ ಮೇಲಿನ ನೆರಳು ಮತ್ತು ಧ್ವನಿಯಲ್ಲೇ ತೋರಿಸಿದರೆ, 60,000 ಉಳಿಯುತ್ತದೆ. ಗುರಿ ಸುಮಾರು 86,000ದಷ್ಟು ಇಳಿಯುತ್ತದೆ. ಅಚ್ಚಿನ ಪುಸ್ತಕ ಬಿಟ್ಟು ಡಿಜಿಟಲ್ ಪುಸ್ತಕ ಕೊಟ್ಟು ಉಡುಗೊರೆಯ ಪಾಲನ್ನು ಶೇ 10ಕ್ಕೆ ಇಳಿಸಲಾದರೆ, 20,40,000ವನ್ನು 0.80ರಿಂದ ಭಾಗಿಸಿ ಗುರಿ ಸರಿಯಾಗಿ 25,50,000ಕ್ಕೆ ಬರುತ್ತದೆ. ಅಷ್ಟೇ ಜನ ಅಷ್ಟೇ ಹಣ ಕೊಟ್ಟಾರೆಯೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ, ಏಕೆಂದರೆ ಮೂರು ಸಾವಿರ ಕೊಡುವವರಲ್ಲಿ ಹಲವರು ಕೊಡುವುದು ಕೈಗೆ ಸಿಗುವ ಪುಸ್ತಕಕ್ಕಾಗಿಯೇ.

ಈ ಲೆಕ್ಕದಲ್ಲಿ ತೆರಿಗೆ ಸೇರಿಲ್ಲ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕು. ಉಡುಗೊರೆಗೆ ಪ್ರತಿಯಾಗಿ ಬಂದ ಹಣ ಮಾರಾಟವೆಂದು ಪರಿಗಣಿತವಾಗಿ ಶೇ 18ರ ದರ ಅನ್ವಯಿಸಿದರೆ, ಜನ ಕೊಟ್ಟ ನೂರರಲ್ಲಿ 15 ರೂಪಾಯಿಗೂ ಹೆಚ್ಚು ತೆರಿಗೆಗೆ ಹೋಗುತ್ತದೆ. ಅಭಿಯಾನ ಮಾರ್ಚ್‌ನಲ್ಲಿ ಮುಗಿದು ಖರ್ಚೆಲ್ಲ ಏಪ್ರಿಲ್ ನಂತರ ಆದರೆ, ಇನ್ನೂ ಖರ್ಚಾಗದ ಹಣವೇ ಆ ವರ್ಷದ ಆದಾಯವಾಗಿ ಕಾಣಿಸುವ ಅಪಾಯವೂ ಇದೆ. ಲೆಕ್ಕಪರಿಶೋಧಕರನ್ನು ಕಾಣಬೇಕಾದದ್ದು ಗುರಿ ಪ್ರಕಟಿಸುವ ಮುಂಚೆ.

ಗುರಿ ಮೀರಿದಾಗ

ಗುರಿ ದಾಟಿದ ಮೇಲೆ ಬರುವ ಹಣಕ್ಕೆ ತಂಡಗಳು ಹೊಸ ಭರವಸೆಗಳನ್ನು ಘೋಷಿಸುತ್ತವೆ. ಕ್ರಿಟಿಕಲ್ ರೋಲ್ ತಂಡ ಹಣ ಏರಿದಂತೆ ಹೆಚ್ಚಿನ ಅನಿಮೇಷನ್ ಸೇರಿಸುತ್ತ ಹೋಗಿ, 22 ನಿಮಿಷದ ಒಂದು ಚಿತ್ರ ಹತ್ತು ಕಂತುಗಳ ಸರಣಿಯಾಯಿತು. ಅಮೆಜಾನ್ ಅದನ್ನು ಎತ್ತಿಕೊಂಡು ಇನ್ನೂ ಹಿಗ್ಗಿಸಿತು. 2020ರ ಕೊನೆಗೆ ಬರಬೇಕಿದ್ದದ್ದು ತೆರೆಗೆ ಬಂದದ್ದು 2022ರ ಜನವರಿಯಲ್ಲಿ. ಅಷ್ಟು ದೊಡ್ಡ ಸಂಗ್ರಹ ಮತ್ತು ದೊಡ್ಡ ಸಂಸ್ಥೆಯ ಬೆನ್ನಾಸರೆ ಇದ್ದದ್ದರಿಂದ ವಿಳಂಬವನ್ನು ತಡೆದುಕೊಳ್ಳಲು ಸಾಧ್ಯವಾಯಿತು.

ಸಣ್ಣ ತಂಡ ಹೆಚ್ಚುವರಿ ಒಂದು ನಿಮಿಷಕ್ಕೆ ಎಷ್ಟು ಕೇಳಬೇಕು? ಸರಾಸರಿ ದರದಲ್ಲಿ 60 ಸೆಕೆಂಡಿನ ಅನಿಮೇಷನ್‌ಗೆ ಸುಮಾರು 1,35,000. ಹಿನ್ನೆಲೆ, ಸ್ಟೋರಿಬೋರ್ಡ್, ಕಂಪೋಸಿಟಿಂಗ್, ಸಂಗೀತ, ಶಬ್ದ ಸೇರಿ ಒಂದು ಲಕ್ಷದಷ್ಟು. ಕೆಲಸ ಒಂದು ತಿಂಗಳು ಮುಂದಕ್ಕೆ ಹೋಗುವುದರಿಂದ ಸಂಬಳ 55,000. ಹತ್ತಿರ ಹತ್ತಿರ 3 ಲಕ್ಷ. 0.70ರಿಂದ ಭಾಗಿಸಿದರೆ 4,30,000ದ ಸುಮಾರು, ಅದೂ ಮೀಸಲು ಸೇರಿಸದೆ. 'ಇನ್ನೊಂದು ಲಕ್ಷ ಬಂದರೆ ಇನ್ನೊಂದು ನಿಮಿಷ' ಎಂಬ ಘೋಷಣೆ ಜನರನ್ನು ಹುರಿದುಂಬಿಸುತ್ತದೆ, ತಂಡವನ್ನು ಎರಡು ಲಕ್ಷಕ್ಕೂ ಹೆಚ್ಚಿನ ಕೊರತೆಗೆ ತಳ್ಳುತ್ತದೆ. ಹೊಸ ವಸ್ತುಗಳ ಭರವಸೆ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಆಗಲೇ ಹಣ ಕೊಟ್ಟ ಎಲ್ಲರ ಪೊಟ್ಟಣಕ್ಕೂ ಸೇರಿ ತೂಕವನ್ನೂ ಅಂಚೆ ದರವನ್ನೂ ಏರಿಸುತ್ತದೆ. ಮೊದಲ ಹೆಚ್ಚುವರಿ ಹಣವನ್ನು ಕಲಾವಿದರ ದರ ಏರಿಸಲು, ಜೀವಂತ ವಾದ್ಯಗಳ ಸಂಗೀತಕ್ಕೆ, ಉಪಶೀರ್ಷಿಕೆಗೆ ಮುಡಿಪಿಡುವುದು ಕ್ಷೇಮ. ಇವು ಚಿತ್ರವನ್ನು ಉದ್ದ ಮಾಡುವುದಿಲ್ಲ.

ಹಣ ಸರಿಯಾಗಿ ಹೋಗುತ್ತಿದೆಯೇ?

ಸಂಗ್ರಹವಾದ ಹಣ ಖಾತೆಗೆ ಒಟ್ಟಿಗೆ ಬೀಳುತ್ತದೆ, ಖರ್ಚು ತಿಂಗಳುಗಟ್ಟಲೆ ನಡೆಯುತ್ತದೆ. ಮೊದಲ ದಿನವೇ ಉಡುಗೊರೆಯ ಪಾಲನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿಬಿಡಬೇಕು. ಇಲ್ಲವಾದರೆ ಆರನೇ ತಿಂಗಳಲ್ಲಿ ಅನಿಮೇಟರ್‌ಗಳಿಗೆ ಕೊಟ್ಟದ್ದು ಪುಸ್ತಕದ ಹಣ ಎಂಬುದು ಮುದ್ರಣಾಲಯದ ಬಿಲ್ಲು ಬಂದಾಗಲೇ ತಿಳಿಯುವುದು.

ಕೆಲಸದ ಪ್ರಗತಿಯನ್ನು ಅಳೆಯುವಾಗ ದರ್ಜೆಗಳ ಪಟ್ಟಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಮೂರು ತಿಂಗಳ ಕೊನೆಗೆ 270ರಲ್ಲಿ 90 ಸೆಕೆಂಡು ಒಪ್ಪಿಗೆಯಾಗಿದೆ, ಅನಿಮೇಷನ್ ಬಾಬ್ತಿನ 6,06,000ದಲ್ಲಿ 2,80,000 ಖರ್ಚಾಗಿದೆ ಎಂದುಕೊಳ್ಳೋಣ. ಕೆಲಸ ಮೂರರಲ್ಲೊಂದು ಭಾಗ, ಖರ್ಚು ಶೇ 46. ಇದೇ ವೇಗದಲ್ಲಿ ಒಟ್ಟು 8,40,000 ಆಗುತ್ತದೆ, ಮೀಸಲೆಲ್ಲ ಬರಿದಾಗುತ್ತದೆ ಎಂದು ಗಾಬರಿಯಾಗುವುದು ಸಹಜ. ಆದರೆ ಆ 90 ಸೆಕೆಂಡಿನಲ್ಲಿ ಎ ದರ್ಜೆಯ 60 ಸೆಕೆಂಡೂ ಮುಗಿದಿದ್ದು, ಉಳಿದ 30 ಬಿ ದರ್ಜೆಯದಾದರೆ ಯೋಜಿಸಿದ್ದ ಖರ್ಚೇ 3,06,000; ತಂಡ 26,000 ಉಳಿಸಿದೆ. ಅವೇ 90 ಸೆಕೆಂಡು ಪೂರ್ತಿ ಬಿ ದರ್ಜೆಯದಾದರೆ ಯೋಜನೆ 1,98,000, ಮೀರಿದ್ದು 82,000. ಸೆಕೆಂಡುಗಳನ್ನು ಬರಿದೇ ಎಣಿಸಿದರೆ ಈ ಎರಡು ಸ್ಥಿತಿಗಳು ಒಂದೇ ರೀತಿ ಕಾಣುತ್ತವೆ. ಕಷ್ಟದ ಶಾಟ್‌ಗಳನ್ನು ಕೊನೆಗೆ ಉಳಿಸಿಕೊಂಡು ಸುಲಭದವನ್ನು ಬೇಗ ಮುಗಿಸುವ ತಂಡಕ್ಕೆ ಅಪಾಯ ಕಾಣುವುದು ತೀರ ತಡವಾಗಿ, ಆದ್ದರಿಂದ ಎ ದರ್ಜೆಯ ಒಂದೆರಡು ಶಾಟ್‌ಗಳನ್ನಾದರೂ ಮೊದಲ ತಿಂಗಳಲ್ಲೇ ಮಾಡಿ ನೋಡಬೇಕು. ಸೆಕೆಂಡಿಗೆ 4,000 ಎಂಬ ದರ ನಿಜವೇ ಎಂಬುದಕ್ಕೆ ಅದೇ ಪರೀಕ್ಷೆ.

ಪುಸ್ತಕದ ಅಚ್ಚಿಗೆ ಚಿತ್ರದ ಬಣ್ಣದ ಕೆಲಸ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಮುದ್ರಕರ ದರ ಆ ಹೊತ್ತಿಗೆ ಬದಲಾಗಿರುತ್ತದೆ, ಕಾಗದದ ಬೆಲೆ ಏರಿದ್ದರೆ ಪ್ರತಿಗೆ 420 ಇದ್ದದ್ದು 460 ಆಗಬಹುದು. 430 ಪ್ರತಿಗಳ ಮೇಲೆ 17,200 ಹೆಚ್ಚು, ಉಡುಗೊರೆಯ ಮೀಸಲಿನ ದೊಡ್ಡ ಪಾಲು. ಹಣ ಕೊಟ್ಟವರ ವಿಳಾಸವನ್ನು ಅಭಿಯಾನದ ದಿನಗಳಲ್ಲಿ ತೆಗೆದುಕೊಂಡರೆ ಸಾಲದು. ವರ್ಷದೊಳಗೆ ಮನೆ ಬದಲಿಸಿದವರು ಇದ್ದೇ ಇರುತ್ತಾರೆ. ಕಳಿಸುವ ಎರಡು ವಾರ ಮುಂಚೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರೆ ವಾಪಸು ಬರುವ ಪೊಟ್ಟಣಗಳು ಗಣನೀಯವಾಗಿ ತಗ್ಗುತ್ತವೆ. ಮೊದಲು ಇಪ್ಪತ್ತೈದು ಪೊಟ್ಟಣ ಬೇರೆಬೇರೆ ಊರಿಗೆ ಕಳಿಸಿ, ಮೂಲೆ ನಜ್ಜಾಗದೆ ತಲುಪಿದವೆಂದು ತಿಳಿದ ಮೇಲೆ ಉಳಿದವನ್ನು ಬಿಡಬೇಕು.

ಅಚ್ಚಾದ 500 ಪ್ರತಿಗಳಲ್ಲಿ 430 ಹಂಚಿಕೆಯಾಗಿ 70 ಉಳಿಯುತ್ತವೆ. ಬಜೆಟ್‌ನಲ್ಲಿ ಲೆಕ್ಕ ಹಿಡಿದದ್ದು 430 ಪ್ರತಿಗಳ ವೆಚ್ಚವನ್ನು ಮಾತ್ರ, ಆದ್ದರಿಂದ ಉಳಿದವುಗಳ 29,400 ಎಲ್ಲಿಂದ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು: ಇಪ್ಪತ್ತು ಪ್ರತಿ ಕಳೆದುಹೋದವರಿಗೆ ಬದಲಿಯಾಗಿ, ಉಳಿದ ಐವತ್ತು ಪುಸ್ತಕ ಮೇಳಗಳಲ್ಲಿ ಮಾರಾಟಕ್ಕೆ. ಮೀಸಲಿನಲ್ಲಿ ಹಣ ಉಳಿದರೆ ಅದನ್ನು ಸರಣಿಯ ಮುಂದಿನ ಕಂತಿನ ಸ್ಟೋರಿಬೋರ್ಡ್‌ಗೆ ಬಳಸುವುದೋ ಕಲಾವಿದರಿಗೆ ಹಂಚುವುದೋ ಎಂಬುದನ್ನೂ ಅಭಿಯಾನದ ಪುಟದಲ್ಲೇ ತಿಳಿಸಿರಬೇಕು, ಮತ್ತು ಕೊನೆಯ ಪೊಟ್ಟಣ ಹೋದ ಮೇಲೆ ಬಾಬ್ತುವಾರು ಯೋಜಿಸಿದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕಪತ್ರವನ್ನು ಹಣ ಕೊಟ್ಟ ಎಲ್ಲರಿಗೂ ಕಳಿಸಬೇಕು.